ಎರಡು ಕಿವಿಯವರ ಜಿಲ್ಲಾವಾರು ನಕ್ಷೆ

ನಂಬಬೇಡಿ. ನಾನು ಹೇಳುವುದನ್ನು ಒಂದಿಷ್ಟೂ ನಂಬದೆ ಕೊನೆಯವರೆಗೆ ಓದಿ ತೋರಿಸಿ, ನಿಮ್ಮ ತಾಕತ್ತು ನೋಡೋಣ. ರಾಜ್ಯದ ಯಾದಿಯಿಂದ ಬಿಟ್ಟುಹೋಗಿದ್ದ ನಮ್ಮ ವಿಜಯಪುರ ಜಿಲ್ಲೆಯನ್ನು ನಾನು ಕಿವಿ ಹಿಡಿದು ವಾಪಸ್ ಎಳೆದು ತಂದವನು. ಅದೂ ನಿವೃತ್ತನಾಗಿ ಹನ್ನೊಂದು ವರ್ಷ ಕಳೆದ ಮೇಲೆ, ಬಾಯಲ್ಲಿ ಆರೇ ಹಲ್ಲು ಉಳಿದಿದ್ದಾಗ.

ಕೆಲಸದಲ್ಲಿದ್ದಾಗ ನಾನು ಆರೋಗ್ಯ ಇಲಾಖೆಯಲ್ಲಿ ಅಂಕಿಸಂಖ್ಯೆಯವನು. ಯಾವ ಜಿಲ್ಲೆಯಲ್ಲಿ ಎಷ್ಟು ಮಲೇರಿಯಾ, ಎಷ್ಟು ಕಾಲರಾ ಎಂದು ತಖ್ತೆ ತುಂಬುವುದು, ಮೀಟಿಂಗ್ ಬಂದರೆ ನಕ್ಷೆಗೆ ಬಣ್ಣದ ಪೆನ್ಸಿಲ್‌ನಲ್ಲಿ ಬಣ್ಣ ತುಂಬುವುದು. ಕಡಿಮೆ ಇದ್ದರೆ ತೆಳು ಗುಲಾಬಿ, ಹೆಚ್ಚಿದ್ದರೆ ಕಡುಕೆಂಪು. ಗೆರೆ ದಾಟದಂತೆ ಬಣ್ಣ ತುಂಬುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸಾಹೇಬರ ಕುರ್ಚಿಯ ಒಂದು ಕಾಲಿಗೆ ದಿನಾ ಒಂದೊಂದು ರಟ್ಟಿನ ಚೂರು ಇಟ್ಟು, ಅವರು ತಮಗೇ ತಲೆ ತಿರುಗುತ್ತಿದೆ ಎಂದು ಬಿಪಿ ನೋಡಿಸಿಕೊಳ್ಳುವಂತೆ ಮಾಡಿದವನೂ ನಾನೇ.

ಈಗ ಆ ಕೆಲಸಕ್ಕೆ ನನ್ನ ತಂಗಿಯ ಮಗಳು, ಅಂದರೆ ನನ್ನ ಸೋದರಸೊಸೆ, ಇದ್ದಾಳೆ. ಗುತ್ತಿಗೆ ನೌಕರಿ, ವರ್ಷಕ್ಕೊಮ್ಮೆ ಮುಂದುವರಿಸುತ್ತಾರೆ. ಪೆನ್ಸಿಲ್ ಇಲ್ಲ; ಲ್ಯಾಪ್‌ಟಾಪಿನಲ್ಲಿ ಅಂಕಿ ಹಾಕಿದರೆ ನಕ್ಷೆ ತಾನೇ ಕೆಂಪಾಗುತ್ತದೆ. ಒಂದು ಮಧ್ಯಾಹ್ನ ಅವಳು ಇಬ್ರಾಹಿಂಪುರದ ನಮ್ಮ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಕುಳಿತಳು.

"ಮಾಮಾ, ಹಾವಿನ ಯಾದಿದಾಗ ನಮ್ಮ ಜಿಲ್ಲಾ ಬಿಟ್ಟಾರ."

ವಿಷಯ ಇದು. ಹಾವು ಕಚ್ಚುವ ಅಪಾಯ ಜನರಿಗೆ ಎಲ್ಲಿ ಹೆಚ್ಚೋ ಅಂಥ ಕೆಲವು ಜಿಲ್ಲೆಗಳನ್ನು ಆರಿಸಿ, ಅಲ್ಲಿಯ ಸಣ್ಣ ಆಸ್ಪತ್ರೆಗಳ ಡಾಕ್ಟರು, ನರ್ಸುಗಳಿಗೆ ತರಬೇತಿ ಕೊಡುವ ಯೋಜನೆ ಬಂದಿತ್ತು. ಮೇಲಿನ ಕಚೇರಿಯವರು ಜಿಲ್ಲಾವಾರು ನಕ್ಷೆ ಮಾಡಿ, ಕಡುಕೆಂಪು ಇರುವ ಜಿಲ್ಲೆಗಳಿಗೆ ಟಿಕ್ ಹಾಕಿದ್ದರು. ನಮ್ಮದು ನಸುಗೆಂಪು. ಹೊರಗೆ.

ಅವಳ ಸಂಕಟ ಕಾಗದದ್ದಲ್ಲ. ಅವಳ ಗಂಡನ ಮನೆ ತಿಕೋಟಾದಲ್ಲಿ, ಸುತ್ತೆಲ್ಲ ದ್ರಾಕ್ಷಿ ತೋಟ. ಹಿಂದಿನ ವರ್ಷ ಅವರ ತೋಟಕ್ಕೆ ಬರುವ ಒಬ್ಬ ಹೆಣ್ಣುಮಗಳಿಗೆ ಬಳ್ಳಿಯ ಬುಡದಲ್ಲಿ ಹಾವು ಕಚ್ಚಿತ್ತು. ಹತ್ತಿರದಲ್ಲೇ ಆಸ್ಪತ್ರೆ ಇದ್ದರೂ ವಿಜಯಪುರದವರೆಗೆ ಒಯ್ದರು. ಬದುಕಿದಳು, ಆದರೆ ಕಿಡ್ನಿಗೆ ಪೆಟ್ಟಾಗಿ ಮೂರು ವಾರ ಮಲಗಿದಳು.

ಇಂಥ ಸಣ್ಣ ಆಸ್ಪತ್ರೆಗಳವರು ಹಾವಿನ ವಿಷದ ಔಷಧಿಯನ್ನು ಅಲ್ಲೇ ಯಾಕೆ ಕೊಡುವುದಿಲ್ಲ ಎಂದು ನನಗೆ ತಿಳಿದದ್ದು ಮರುದಿನ. ಸೊಸೆಯ ಸ್ಕೂಟಿಯ ಹಿಂದೆ ಕುಳಿತು, ಸೊಂಟ ಹಿಡಿದುಕೊಂಡು, ಬಬಲೇಶ್ವರದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿಯ ನರ್ಸಮ್ಮ ಫ್ರಿಜ್ ತೆಗೆದು ಬಾಟಲಿಗಳನ್ನು ತೋರಿಸಿದಳು. ಔಷಧಿ ಇತ್ತು.

"ಕೊಡೂದು ದೊಡ್ಡ ಮಾತಲ್ರಿ ಅಜ್ಜಾರ. ಕೊಟ್ಟ ಮ್ಯಾಲ ಒಬ್ಬೊಬ್ಬರಿಗೆ ಮೈಯೆಲ್ಲಾ ದದ್ದ ಎದ್ದು, ಉಸರ ಸಿಗದಂಗ ಆಗ್ತದ. ಅದನ್ನ ಹೆಂಗ ಸಂಭಾಳಸಬೇಕು ಅಂತ ನಮಗ ಯಾರೂ ಕೈ ಹಿಡದು ಕಲಿಸಿಲ್ಲ. ಅದಕ್ಕ ಹೆದರಿ ವಿಜಾಪುರಕ್ಕ ಕಳಸ್ತೇವ್ರಿ."

ಅವಳು ತಪ್ಪು ಒಪ್ಪಿಕೊಳ್ಳುವವಳ ಹಾಗೆ ಹೇಳಲಿಲ್ಲ, ದೂರುವವಳ ಹಾಗೂ ಹೇಳಲಿಲ್ಲ. ಬಾಟಲಿಗಳನ್ನು ಮತ್ತೆ ಸಾಲಾಗಿ ಇಟ್ಟು ಫ್ರಿಜ್ ಮುಚ್ಚಿದಳು. ದಾರಿಯುದ್ದಕ್ಕೂ ನಾನು ಒಂದೂ ಕೀಟಲೆ ಮಾಡಲಿಲ್ಲ. ಸೊಸೆ ಎರಡು ಸಲ ತಿರುಗಿ, ಹಿಂದೆ ಇದ್ದೀಯಾ ಇಲ್ಲಾ ಬಿದ್ದೀಯಾ ಎಂದು ಕೇಳಿದಳು.

ಮನೆಗೆ ಬಂದು ಸೊಸೆ ತಂದಿದ್ದ, ಮೇಲಿನ ಕಚೇರಿಯ ಆ ನಕ್ಷೆಯನ್ನು ಬಿಡಿಸಿ ನೋಡಿದೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ನನ್ನ ಕಾಲದ ಮಲೇರಿಯಾ ನಕ್ಷೆಯೂ ಹೀಗೇ, ಕಾಲರಾ ನಕ್ಷೆಯೂ ಹೀಗೇ. ಹೆಚ್ಚು ಜನ ಇರುವ ಜಿಲ್ಲೆ ಯಾವಾಗಲೂ ಕಡು, ಕಡಿಮೆ ಜನ ಇರುವ ಜಿಲ್ಲೆ ಯಾವಾಗಲೂ ತೆಳು. ಅವರು ಜಿಲ್ಲೆಗೆ ಒಟ್ಟು ಎಷ್ಟು ಮಂದಿಗೆ ಕಚ್ಚಿತು ಎಂಬುದಕ್ಕೇ ಬಣ್ಣ ಹಾಕಿದ್ದರು. ಎಷ್ಟು ಜನರ ಪೈಕಿ ಎಂದು ಕೇಳಿರಲಿಲ್ಲ.

ಸೊಸೆಗೆ ಇದು ನನಗಿಂತ ಮೊದಲೇ ಗೊತ್ತಿತ್ತು. ಲಕ್ಷ ಜನಕ್ಕೆ ಎಷ್ಟು ಎಂದು ಭಾಗಿಸಿ ಬೇರೆ ನಕ್ಷೆಯನ್ನೂ ಮಾಡಿ ಇಟ್ಟಿದ್ದಳು. ಅದರಲ್ಲಿ ನಮ್ಮ ಜಿಲ್ಲೆ ಎರಡು ಮೆಟ್ಟಿಲು ಕೆಂಪೇರಿತ್ತು. ಪತ್ರವನ್ನೂ ಬರೆದಿದ್ದಳು. ಉತ್ತರ ಬಂದಿರಲಿಲ್ಲ. ಮುಂದಿನ ವಾರ ಮೇಲಿನ ಕಚೇರಿಯ ಡಾಕ್ಟರ್ ಸಾಹೇಬರು ವಿಜಯಪುರಕ್ಕೆ ಬರುವವರಿದ್ದರು, ಅವಳಿಗೆ ಮಾತಾಡಲು ಐದು ನಿಮಿಷ. ಅವರು ಹೋದ ಮೇಲೆ ಯಾದಿಗೆ ಸಹಿ.

"ಐದು ನಿಮಿಷದಾಗ ಭಾಗಾಕಾರ ಹೇಳಿದ್ರ ಯಾರ್ ಕೇಳ್ತಾರ ಮಾಮಾ?"

ಯಾರೂ ಕೇಳುವುದಿಲ್ಲ ಎಂದು ನನಗೂ ಗೊತ್ತು. ಅದಕ್ಕೇ ನಾನು ಅವಳಿಗೆ ಹೇಳದೆ ಒಂದು ಕೆಲಸ ಮಾಡಿದೆ. ಗಾಂಧಿ ಚೌಕದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗಿ, ಒಂದೊಂದು ಜಿಲ್ಲೆಯ ಜನಸಂಖ್ಯೆಯನ್ನು ಎರಡರಿಂದ ಗುಣಿಸಲು ಹೇಳಿ, ಹಾವಿನ ನಕ್ಷೆಯಲ್ಲಿದ್ದ ಅದೇ ಐದು ಬಗೆಯ ಕೆಂಪುಗಳಲ್ಲಿ ನಕ್ಷೆ ತೆಗೆಸಿದೆ. ಅಂಗಡಿಯವನು ಇದು ಏನು ಎಂದ. ಸರಕಾರಿ ಗುಟ್ಟು ಎಂದೆ. ನಕ್ಷೆಯ ತಲೆಬರಹವಿದ್ದ ಅಂಚನ್ನು ಹಿಂದಕ್ಕೆ ಮಡಿಸಿ, ಮೀಟಿಂಗ್ ದಿನ ಸೊಸೆಯ ಫೈಲಿನಲ್ಲಿದ್ದ ಮೇಲಿನ ಕಚೇರಿಯ ಹಾವಿನ ನಕ್ಷೆಯನ್ನು ತೆಗೆದು ನನ್ನದನ್ನು ಸೇರಿಸಿದೆ.

ಹಳೆಯ ನೌಕರ ಎಂದು ನನ್ನನ್ನು ಒಳಗೆ ಬಿಟ್ಟರು. ಹಿಂದಿನ ಸಾಲಿನಲ್ಲಿ ಕುಳಿತು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದೆ. ಸೊಸೆಯ ಸರದಿ ಬಂತು. ಅವಳು ನಕ್ಷೆಯನ್ನು ಸಾಹೇಬರ ಮುಂದೆ ಇಟ್ಟಳು. ಮೇಲುನೋಟಕ್ಕೆ ಅದೇ ಬಣ್ಣ, ಅದೇ ಜಿಲ್ಲೆಗಳು. ಅವಳಿಗೂ ಅನುಮಾನ ಬರಲಿಲ್ಲ.

ಸಾಹೇಬರು ಒಳ್ಳೆಯ ಮನುಷ್ಯ, ಸಮಾಧಾನದಿಂದಲೇ ತಿಳಿಸಿ ಹೇಳಿದರು. ಈ ಕಡುಕೆಂಪು ಜಿಲ್ಲೆಯಲ್ಲಿ ಕಬ್ಬು ಹೆಚ್ಚು, ಕಬ್ಬಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ರಾಜಧಾನಿ ಯಾಕೆ ಕಡು ಎಂದರೆ ಹೊಸ ಬಡಾವಣೆಗಳು ಹೊಲಗಳನ್ನು ನುಂಗುತ್ತಿವೆ, ಹಾವುಗಳಿಗೆ ಜಾಗ ಉಳಿದಿಲ್ಲ. ನಿಮ್ಮ ಜಿಲ್ಲೆ ಒಣ ಪ್ರದೇಶ, ಅದಕ್ಕೇ ತೆಳು. ಒಂದೊಂದು ಬಣ್ಣಕ್ಕೂ ಒಂದೊಂದು ಕಾರಣ ಸಿಕ್ಕಿತು. ಎಲ್ಲರೂ ತಲೆ ಆಡಿಸಿದರು.

ನಾನು ಎದ್ದು ಹತ್ತಿರ ಹೋದೆ.

"ಸಾಹೇಬ್ರ, ಆ ಕಾಗದದ ಮಡಿಕಿ ಒಂದೀಟು ಬಿಚ್ಚಿ ನೋಡ್ರಿ."

ಅವರು ಬಿಚ್ಚಿದರು. ಅಲ್ಲಿ ದಪ್ಪ ಅಕ್ಷರದಲ್ಲಿ ಇತ್ತು: ಎರಡು ಕಿವಿಯವರ ಒಟ್ಟು ಕಿವಿಗಳು, ಜಿಲ್ಲಾವಾರು.

ಸೊಸೆಯ ಮುಖ ಬಿಳಿಚಿಕೊಂಡಿತು. ನನ್ನ ಕಡೆ ಅವಳು ನೋಡಿದ ನೋಟಕ್ಕೆ ಹಾವೇ ಮೇಲು.

"ಹಿರಿಯರ, ಇದೇನು ಚೇಷ್ಟಾ?" ಸಾಹೇಬರ ದನಿ ತಣ್ಣಗಿತ್ತು.

ತಪ್ಪು ನನ್ನದು, ಹುಡುಗಿಗೆ ಏನೂ ಗೊತ್ತಿಲ್ಲ ಎಂದು ಮೊದಲು ಹೇಳಿದೆ. ಆಮೇಲೆ ಅವರ ಅಸಲಿ ನಕ್ಷೆಯನ್ನು ಜೇಬಿನಿಂದ ತೆಗೆದು ಪಕ್ಕದಲ್ಲಿ ಇಟ್ಟೆ. ಜನ ಹೆಚ್ಚಿದ್ದಲ್ಲಿ ಕಿವಿಯೂ ಹೆಚ್ಚು, ಹಾವು ಕಚ್ಚಿಸಿಕೊಂಡವರೂ ಹೆಚ್ಚು; ಎರಡೂ ಅಣ್ಣತಮ್ಮಂದಿರ ಹಾಗೆ ಕಂಡವು.

"ಗಾಂಧಿ ಚೌಕದಾಗ ದಿನಾ ಸಾವಿರ ಮಂದಿ ಅಡ್ಡಾಡ್ತಾರ್ರಿ, ಹತ್ತು ಮಂದೀದು ಚಪ್ಪಲಿ ಹರೀತದ ಅನ್ರಿ. ನಮ್ಮ ಓಣ್ಯಾಗ ಮೂವತ್ತು ಮಂದಿ ಅಡ್ಡಾಡ್ತೇವಿ, ಮೂರು ಮಂದೀದು ಹರೀತದ. ಹರಿದ ಚಪ್ಪಲಿ ಎಣಿಸಿದ್ರ ಚೌಕ ಕೆಂಪು. ಆದ್ರ ಚಪ್ಪಲಿ ಉಳಿಸ್ಕೋಬೇಕಂದ್ರ ನೀವು ಎಲ್ಲಿ ಅಡ್ಡಾಡ್ತೀರಿ?"

ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅಲ್ಲಿ ನೂರಕ್ಕೆ ಒಂದು, ಇಲ್ಲಿ ನೂರಕ್ಕೆ ಹತ್ತು. ಅವರ ಬೆರಳು ರಾಜಧಾನಿಯ ಮೇಲೆ ನಿಂತಿತು. ನಂತರ ಸೊಸೆಯ ಕಡೆ ತಿರುಗಿ, ನಿನ್ನ ಬಳಿ ಲಕ್ಷಕ್ಕೆ ಎಷ್ಟು ಎಂಬುದು ಇದೆಯೇನಮ್ಮಾ ಎಂದು ಕೇಳಿದರು.

ಅವಳು ಲ್ಯಾಪ್‌ಟಾಪ್ ತಿರುಗಿಸಿದಳು. ರಾಜಧಾನಿ ಬೆಳ್ಳಗಾಗಿತ್ತು. ಕಡುಕೆಂಪಾಗಿದ್ದ ಕೆಲವು ಜಿಲ್ಲೆಗಳು ಇಳಿದಿದ್ದವು, ನಿಜವಾಗಿಯೂ ಹಾವು ಹೆಚ್ಚಿದ್ದ ಒಂದೆರಡು ಹಾಗೇ ಇದ್ದವು. ನಮ್ಮದು ಏರಿತ್ತು.

ಸಾಹೇಬರು ಸುಮ್ಮನೆ ಒಪ್ಪುವವರಲ್ಲ. ಜನಗಣತಿ ಹಳೆಯದಲ್ಲವೇ ಎಂದರು. ಎಲ್ಲ ಜಿಲ್ಲೆಗೂ ಆಯಾ ವರ್ಷದ ಅಂದಾಜು ಜನಸಂಖ್ಯೆಯನ್ನೇ ಹಿಡಿದಿದ್ದೇನೆ ಎಂದಳು. ಕಡಿಮೆ ಜನ ಇರುವ ಜಿಲ್ಲೆಯಲ್ಲಿ ಒಂದು ವರ್ಷ ಸ್ವಲ್ಪ ಹೆಚ್ಚು ಪ್ರಕರಣ ಬಂದರೂ ದರ ನೆಗೆಯುತ್ತದಲ್ಲ ಎಂದರು. ಅದಕ್ಕೇ ಮೂರು ವರ್ಷದ ಪ್ರಕರಣಗಳನ್ನು ಕೂಡಿಸಿ, ಮೂರೂ ವರ್ಷದ ಜನಸಂಖ್ಯೆಯ ಮೊತ್ತದಿಂದ ಭಾಗಿಸಿದ್ದೇನೆ ಎಂದಳು. ಬೆಂಗಳೂರಿನ ಆಸ್ಪತ್ರೆಗೆ ಹೋದ ನಿಮ್ಮೂರಿನ ರೋಗಿ ಯಾವ ಜಿಲ್ಲೆಗೆ ಸೇರಿದ ಎಂದರು. ಮನೆಯ ವಿಳಾಸ ಯಾವ ಜಿಲ್ಲೆಯದೋ ಅದಕ್ಕೆ ಎಂದಳು. ಭಾಗಾಕಾರವನ್ನು ಯಾರೂ ಕೇಳುವುದಿಲ್ಲ ಎಂದವಳೇ ಐದು ನಿಮಿಷವನ್ನು ಅರ್ಧ ಗಂಟೆ ಮಾಡಿದ್ದಳು.

"ಹಂಗಾದ್ರ ನಾವು ಎಣಿಸಿದ್ದು ಸುಳ್ಳೇನು?" ಸಾಹೇಬರು ಕಡೆಗೆ ಕೇಳಿದರು.

"ಸುಳ್ಳಲ್ರಿ ಸರ್. ಯಾವ ಜಿಲ್ಲೆಗೆ ಎಷ್ಟು ಬಾಟಲಿ ಔಷಧಿ ಕಳಸಬೇಕು ಅನ್ನೂದಕ್ಕ ಒಟ್ಟು ಲೆಕ್ಕನ ಬೇಕು. ಯಾವ ಜಿಲ್ಲೆದಾಗ ಒಬ್ಬೊಬ್ಬರಿಗೆ ಅಪಾಯ ಹೆಚ್ಚು ಅನ್ನೂದಕ್ಕ ಲಕ್ಷಕ್ಕ ಎಷ್ಟು ಅಂತ ನೋಡಬೇಕ್ರಿ."

ಅವರು ಪೆನ್ನು ತೆಗೆದು ಯಾದಿಯ ಕೊನೆಯಲ್ಲಿ ನಮ್ಮ ಜಿಲ್ಲೆಯ ಹೆಸರು ಬರೆದು, ಪಕ್ಕದಲ್ಲಿ ದರದ ನಕ್ಷೆ ನೋಡಿ ಎಂದು ಗುರುತು ಹಾಕಿಕೊಂಡರು. ಉಳಿದ ಜಿಲ್ಲೆಗಳನ್ನೂ ಹೊಸ ನಕ್ಷೆಯಿಂದಲೇ ನೋಡುತ್ತೇವೆ ಎಂದರು. ಹೊರಡುವಾಗ ಕಿವಿಗಳ ನಕ್ಷೆಯನ್ನು ಮಡಿಸಿ ತಮ್ಮ ಬ್ಯಾಗಿಗೆ ಸೇರಿಸಿಕೊಂಡರು. ಯಾರಿಗೆ ತೋರಿಸಿದರೋ ಗೊತ್ತಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಸೊಸೆ ನನ್ನನ್ನು ಹತ್ತು ನಿಮಿಷ ಬೈದಳು. ನೌಕರಿ ಹೋಗಿದ್ದರೆ ನೀ ಸಾಕ್ತಿದ್ದೇನು ಎಂದು ಕೇಳಿದಳು. ಆಮೇಲೆ ಅತ್ತಳು. ಆಮೇಲೆ ಕಿವಿ ಎಂಬ ಮಾತು ನೆನಪಾಗಿ ನಗಲಾರಂಭಿಸಿ, ನಿಲ್ಲಿಸಲಾಗದೆ ಗಿಡಕ್ಕೆ ಒರಗಿದಳು. ಅವಳ ಎದೆಯ ಮೇಲಿದ್ದ ಕಲ್ಲು ಇಳಿದದ್ದು ನನಗೆ ಕಾಣಿಸಿತು.

ಮಳೆಗಾಲಕ್ಕೆ ಮೊದಲೇ ತರಬೇತಿ ಆಯಿತು. ಬಬಲೇಶ್ವರದ ಕಡೆಯ ನರ್ಸಮ್ಮ ಹೋಗಿ ಬಂದಳು, ತಿಕೋಟಾದಿಂದಲೂ ಇಬ್ಬರು ಹೋದರು. ಶ್ರಾವಣದಲ್ಲಿ ಒಬ್ಬ ರೈತನಿಗೆ ಹಾವು ಕಚ್ಚಿದಾಗ ನರ್ಸಮ್ಮ ಡಾಕ್ಟರ ಜೊತೆ ನಿಂತು ಅಲ್ಲೇ ಔಷಧಿ ಕೊಟ್ಟಳಂತೆ. ದದ್ದು ಎದ್ದವಂತೆ, ಸಂಭಾಳಿಸಿದರಂತೆ. ಮುಂದಿನ ಆರೈಕೆಗೆಂದು ಆಂಬುಲೆನ್ಸ್ ವಿಜಯಪುರಕ್ಕೆ ಹೊರಟಾಗ ಅವನು ಎದ್ದು ಕುಳಿತು ನೀರು ಕೇಳಿದನಂತೆ. ಸೊಸೆ ಫೋನಿನಲ್ಲಿ ಇಷ್ಟು ಹೇಳಿ, ಮಾಮಾ, ಅಷ್ಟ, ಎಂದು ಇಟ್ಟಳು.

ಇದರಲ್ಲಿ ಒಂದೇ ಒಂದು ಸುಳ್ಳಿದೆ, ಈಗ ಹೇಳಿಬಿಡುತ್ತೇನೆ. ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದೆ ಎಂದೆನಲ್ಲ, ಅದು. ಸೊಸೆ ನಕ್ಷೆಯನ್ನು ಸಾಹೇಬರ ಮುಂದೆ ಇಟ್ಟಾಗ ನನ್ನ ಕಪ್ಪಿನಲ್ಲಿ ಒಂದು ಗುಟುಕೂ ಉಳಿದಿರಲಿಲ್ಲ; ಎಲ್ಲ ಧೋತರದ ಮೇಲಿತ್ತು.