ಯೂಮೆಯ ಬರಿಮುಖ

ಹೈದರಾಬಾದಿನ ದಿಲ್‌ಸುಖ್‌ನಗರದ ಗಲ್ಲಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದ ಮಂದಾಕಿನಿ ಮದುಮಗಳ ಮೇಕಪ್ಪಿಗೆ ಹೆಸರಾದವಳು. ನಚಿಕೇತನೆಂಬ ಹುಡುಗ ಮೊದಲ ಸಲ ಬಂದು ಫೋನಿನಲ್ಲಿ ಜಪಾನಿನ ರಾಕ್ ತಂಡಗಳ ಚಿತ್ರ ತೋರಿಸಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಇವರೆಲ್ಲಾ ಗಂಡಸರೇನೋ?"

"ಹೂನ್ರಿ ಅಕ್ಕಾರ. ವಿಷುಯಲ್ ಕೇ ಅಂತಾರ. ಹಾಡಿನಷ್ಟ ವೇಷಾನೂ ಮುಖ್ಯ. ನಮ್ಮ ಬ್ಯಾಂಡಿನಾಗ ಹೆಣ್ಣುವೇಷ ನಂದು. ಗಿಟಾರ್ ಬಾರಸ್ತೀನಿ, ವೇದಿಕೆ ಮ್ಯಾಲೆ ಬಾಯಿ ಬಿಡಂಗಿಲ್ಲ."

ಅವಳು ಕಲಿತಳು. ಕುತ್ತಿಗೆಯವರೆಗೆ ಬಿಳಿ ಬೇಸ್. ಕಣ್ಣು ದೊಡ್ಡದಾಗಿ ಕಾಣಲೆಂದು ಕೆಳರೆಪ್ಪೆಗಿಂತ ತುಸು ಕೆಳಗೆ ಕಪ್ಪು ಗೆರೆ, ಅದರ ಮೇಲೆ ನಕಲಿ ರೆಪ್ಪೆಗೂದಲು. ಕಣ್ಣಲ್ಲಿ ಬೂದುಬಣ್ಣದ ಲೆನ್ಸು. ಅವನ ಉದ್ದ ಕೂದಲನ್ನು ಹಿಮ್ಮುಖವಾಗಿ ಬಾಚಿ, ಸ್ಪ್ರೇ ಹೊಡೆದು ಎತ್ತರಿಸುವಳು. ಕಪ್ಪು ಲೇಸಿನ ಲಂಗದ ಅಂಚಿಗೆ ಜರದೋಸಿ ಕಸೂತಿ, ಕೈಗೆ ಲಾಡ್ ಬಜಾರಿನ ಅರಗಿನ ಬಳೆ, ಇವು ಅವಳದೇ ಸಲಹೆ. ಒಮ್ಮೆ ಅವಳೂ ಕಾರ್ಯಕ್ರಮಕ್ಕೆ ಹೋದಳು. ಪಂಕಿನ ಓಟ, ಮೆಟಲ್ಲಿನ ಗುಡುಗು, ನಡುವೆ ದಖನಿ ಉರ್ದುವಿನ ಪದಗಳು. ಕಪ್ಪು ಟೀಶರ್ಟಿನ ಹುಡುಗರು "ಅರೆ, ಬಾರಾತ್ ಆಗಯಾ!" ಎಂದು, ಮದುವೆ ದಿಬ್ಬಣ ಬಂತೆಂದು ಗೇಲಿ ಮಾಡಿ ಕೂಗಿದರು. ಆದರೆ ಮುಂದಿನ ಸಾಲಿನ ಹುಡುಗಿಯರು ಒಟ್ಟಿಗೆ ಕೈಚಲನೆ ಮಾಡುತ್ತ, ಒಟ್ಟಿಗೆ ತಲೆ ಕೊಡವುತ್ತ "ಯೂಮೆ! ಯೂಮೆ!" ಎನ್ನುತ್ತಿದ್ದರು. ಅದು ನಚಿಕೇತನ ವೇದಿಕೆಯ ಹೆಸರು.

ನಿಜವಾದ ಹೆಸರು, ಬಣ್ಣವಿಲ್ಲದ ಮುಖ ಯಾರಿಗೂ ತಿಳಿಯಕೂಡದು, ಅದೇ ಈ ವೇಷದ ಕಟ್ಟುಪಾಡು ಎಂದು ಅವನು ಮೊದಲ ದಿನವೇ ಹೇಳಿದ್ದ. ಮಂದಾಕಿನಿ ತಲೆಯಾಡಿಸಿದ್ದಳು. ಆದರೂ ಮದುವಣಗಿತ್ತಿಯರದನ್ನು ಹಾಕುವಂತೆ, ಅವನ ಮೇಕಪ್ಪಿನ ಮುಂಚಿನ ಮತ್ತು ಆಮೇಲಿನ ಫೋಟೋಗಳನ್ನು ಜೋಡಿಸಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಬಿಟ್ಟಳು. ತನ್ನ ಕೈಚಳಕ ನಾಲ್ಕು ಜನ ನೋಡಲಿ ಎಂಬ ಆಸೆ.

ನೋಡಿದವರಲ್ಲಿ ಹುಬ್ಬು ತೀಡಿಸಿಕೊಳ್ಳಲು ಬರುತ್ತಿದ್ದ ಕೃಷ್ಣಾಬಾಯಿಯೂ ಒಬ್ಬಳು. ಅವಳು ನಚಿಕೇತನ ಸೋದರತ್ತೆ. ಸಂಜೆಯೊಳಗೆ ಫೋಟೋ ಅವನ ಅಪ್ಪನ ಕೈಯಲ್ಲಿತ್ತು, ಕೈಯಿಂದ ಕೈಗೆ ದಾಟಿ ಬ್ಯಾಂಡಿನ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲೂ ಇತ್ತು. ಮಂದಾಕಿನಿ ಅಳಿಸುವಷ್ಟರಲ್ಲಿ ಮುಗಿದುಹೋಗಿತ್ತು.

ಮರುದಿನ ದೇವರ ಮುಂದೆ ದೀಪ ಹಚ್ಚುವಾಗ ಅವಳಿಗೆ ತಲೆ ಎತ್ತಲಾಗಲಿಲ್ಲ. ಪಾರ್ಲರ್ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ನಚಿಕೇತ.

"ಕೂದಲಾ ಕತ್ತರಸ್ರಿ ಅಕ್ಕಾರ. ಕೂದಲಾ ಇರಬೇಕು, ಇಲ್ಲಾ ನೀ ಮನ್ಯಾಗ ಇರಬೇಕು ಅಂದಾರ ಅಪ್ಪ."

"ವಿಗ್ ಹಾಕ್ಕೊಂಡರ ಆಗಂಗಿಲ್ಲೇನೋ?"

"ಕೂದಲದ ಮಾತಲ್ರಿ. ಇನ್ನ ವೇದಿಕೆ ಮ್ಯಾಲೆ ಎಲ್ಲಾರೂ ನಚಿಕೇತನ್ನ ಹುಡುಕ್ತಾರ. ಯೂಮೆ ಕಾಣಂಗಿಲ್ಲ." ಅವನು ಕುರ್ಚಿಯಲ್ಲಿ ಕುಳಿತ. "ಇರಲಿ ಬಿಡ್ರಿ. ನಿಮಗ ಗೊತ್ತಾಗಲಿಲ್ಲ."

ಆ ಮಾತನ್ನು ಹಿಡಿದುಕೊಂಡು ಪಾರಾಗಬಹುದಿತ್ತು.

"ಗೊತ್ತಿತ್ತೋ," ಎಂದಳು ಮಂದಾಕಿನಿ. "ನೀ ಹೇಳಿದ್ದಿ. ಗೊತ್ತಿದ್ದ ಹಾಕೀನಿ."

ಕನ್ನಡಿಯಲ್ಲಿ ಅವನ ಕಣ್ಣು ಅವಳ ಮೇಲೆ ನಿಂತಿತು.

"ಕತ್ತರಸ್ರಿ," ಎಂದ ಕೊನೆಗೆ. ಈ ಸಲ 'ಅಕ್ಕಾರ' ಅನ್ನಲಿಲ್ಲ.

ಅವಳು ಕತ್ತರಿ ತೆಗೆದುಕೊಂಡಳು.