‘ಬರಹವಿಲ್ಲ’ ಎಂದು ನಾನು ನಮೂದಿಸಿದ ಪುಟ

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಮಹಡಿಯೊಂದರಲ್ಲಿ ನಮ್ಮ ಕೆಲಸ. ಹಳೆಯ ಜಮೀನು ವಹಿಗಳ ಸ್ಕ್ಯಾನ್ ಚಿತ್ರ ನೋಡಿ, ಕಂಡದ್ದನ್ನು ಟೈಪ್ ಮಾಡುವುದು. ಪುಟ ಖಾಲಿಯಿದ್ದರೆ ‘ಬರಹವಿಲ್ಲ’. ಬರಹವಿದ್ದೂ ತಿಳಿಯದಿದ್ದರೆ ‘ಓದಲಾಗದು’. ಮೊದಲಿನದನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಎರಡನೆಯದು ಮೂಲ ವಹಿಯ ತಪಾಸಣೆಗೆ ಹೋಗುತ್ತದೆ.

ಒಂದು ಮಧ್ಯಾಹ್ನ ಘೋಣಸಗಿ ಹಳ್ಳಿಯ ರೈತ ಸಾಹೇಬರೊಬ್ಬರು ಬಂದರು. ಅವರ ಅಜ್ಜಿಯ ಹೆಸರಿರಬೇಕಾದ ಪುಟ ಖಾಲಿ ಎಂದು ಟಿಕೋಟಾ ತಾಲ್ಲೂಕು ಕಚೇರಿಯಲ್ಲಿ ಹೇಳಿದ್ದರಂತೆ. ಮೇಲ್ವಿಚಾರಕಿ ದಾಖಲೆ ತೆರೆದರು. ಟೈಪ್ ಮಾಡಿದವರ ಜಾಗದಲ್ಲಿ ನನ್ನ ಗುರುತು ಸಂಖ್ಯೆಯಿತ್ತು.

ಚಿತ್ರವನ್ನು ಹಿಗ್ಗಿಸಿ, ಮಸಿಯನ್ನು ಗಾಢ ಮಾಡಿದೆ. ನೀರಿನ ಕಲೆಯ ನಡುವೆ ‘ಸಾ’, ಒಂದಿಷ್ಟು ಜಾಗ, ಆಮೇಲೆ ‘ಬಿ’. ಅಂಚಿನಲ್ಲೊಂದು ‘೪’. ಅಷ್ಟೇ. ಆದರೆ ಅಷ್ಟಾದರೂ ಇತ್ತು; ನಾನು ಏನೂ ಇಲ್ಲ ಎಂದಿದ್ದೆ.

“ಇದ ನೋಡ್ರಿ ಅಕ್ಕಾರ, ನಮ್ಮ ಅಜ್ಜಿ ಹೆಸರ! ‘ಸಾ’ ಅಂತ ಸುರು, ‘ಬಿ’ ಅಂತ ಮುಗಿತೈತಿ. ಬರೀರಿ,” ಎಂದು ಸಾಹೇಬರು ನನಗೆ ಹೇಳಿದರು.

ಬರೆದುಬಿಟ್ಟರೆ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು. ಬೆರಳು ಕೀಲಿಯ ಮೇಲೇ ಇತ್ತು. ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ ಎಂಬ ಚಿಂತೆ.

“ಈ ಅಕ್ಷರಕ್ಕ ಹೊಂದೂ ಬ್ಯಾರೆ ಹೆಸರು ನಿಮ್ಮ ಮನಿಯಾಗ ಅದಾವೇನ್ರಿ?” ಎಂದು ಕೇಳಿದೆ.

ಸಾಹೇಬರು ನೆನಪಿಸಿಕೊಂಡು ಹೇಳಿದರು: “ಅಜ್ಜಿ ನೆಗೆಣ್ಣಿ, ನಮ್ಮ ಅಜ್ಜನ ತಮ್ಮನ ಹೇಣ್ತಿ, ಆಕಿ ಹೆಸರೂ ಹಂಗ ಇತ್ತ್ರಿ. ಖರೆ ಅಂದ್ರ ಆಕಿದೂ ಹೊಲ ಇತ್ತು.”

“ತಪ್ಪು ನಂದ್ರಿ ಅಕ್ಕಾರ. ಹಿಗ್ಗಿಸಿ ನೋಡಿರ್ಲಿಲ್ಲ. ಆದ್ರ ನಡುವಿನ ಅಕ್ಷರ ನಂಗ ಕಾಣವಲ್ದು, ಬರಿಯಾಕ ಬರೂದಿಲ್ಲ,” ಎಂದು ಮೇಲ್ವಿಚಾರಕಿಗೆ ಹೇಳಿದೆ.

ಅವರು ಪರದೆಯತ್ತ ಬಗ್ಗಿ ನೋಡಿದರು. “ಹಂಗಾದ್ರ ಕಂಡಷ್ಟ ಬರಿ.”

ಬರೆದೆ: ‘ಸಾ’, ಓದಲಾಗದು, ‘ಬಿ’. ಅಂಚಿನಲ್ಲಿ ‘೪’. ಉಳಿದದ್ದು ಓದಲಾಗದು, ಮೂಲ ನೋಡಬೇಕು. ಸಾಹೇಬರು ಸಿಟ್ಟಿನಿಂದ ಮೆಟ್ಟಿಲಿಳಿದರು.

ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಐದನೆಯ ದಿನ ಮೂಲ ವಹಿಯ ಹೊಸ ಚಿತ್ರ ಬಂತು. ಓರೆಬೆಳಕಿನಲ್ಲಿ ತೆಗೆದದ್ದು. ನಡುವಿನ ಅಕ್ಷರಗಳು ಮೂಡಿದ್ದವು: ಅದು ನೆಗೆಣ್ಣಿಯ ಹೆಸರು. ಅಜ್ಜಿಯ ಹೆಸರು ಅದರ ಕೆಳಗಿನ ಸಾಲಿನಲ್ಲಿತ್ತು. ಹಳೆಯ ಚಿತ್ರದಲ್ಲಿ ಆ ಸಾಲಿನ ಸುಳಿವೇ ಇರಲಿಲ್ಲ.

ಮತ್ತೆ ಬಂದ ಸಾಹೇಬರು ಅದರ ಪ್ರತಿ ಹಿಡಿದುಕೊಂಡು, “ಇಬ್ಬರೂ ಅದಾರಲ್ರಿ,” ಎಂದು ಮೆಲ್ಲಗೆ ಅಂದರು.

ಕೆಲಸ ಉಳಿಯಿತು. ನಾನು ‘ಬರಹವಿಲ್ಲ’ ಎಂದಿದ್ದ ಪುಟಗಳನ್ನೆಲ್ಲ ಮತ್ತೆ ತೆರೆಯಲು ಅನುಮತಿ ಕೇಳಿದೆ. ಮೂರನೆಯ ಪುಟವನ್ನು ಹಿಗ್ಗಿಸುತ್ತಿದ್ದಂತೆ ಮೂಲೆಯಲ್ಲಿ ‘ಮ’ ಎಂಬ ಅಕ್ಷರ ಕಂಡಿತು. ‘ಬರಹವಿಲ್ಲ’ ಅಳಿಸಿ ಕಂಡಷ್ಟೇ ಬರೆದೆ: ‘ಮ’, ಉಳಿದದ್ದು ಓದಲಾಗದು.