ಇಸ್ತ್ರಿ ಹಾಕಿದ ಕಲೆ

ಬಟ್ಟೆ ಕೈಗೆ ಬಂದ ಕೂಡಲೇ ತಿಪ್ಪೇಸ್ವಾಮಿ ಅದನ್ನು ತಿರುಗಿಸಿ ಒಳಮೈ ನೋಡುತ್ತಾನೆ. ಕಲೆ ಹೊರಗಿನಿಂದ ಬಿದ್ದದ್ದೋ, ಬೆವರಾಗಿ ಒಳಗಿನಿಂದ ಬಂದದ್ದೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಒಂದು ಸಲ ಮೂಸುತ್ತಾನೆ. ಅಷ್ಟಾದ ಮೇಲೆ ಮೂರು ಪ್ರಶ್ನೆ: ಏನು ಬಿತ್ತು? ಯಾವಾಗ ಬಿತ್ತು? ಬಿದ್ದ ಮೇಲೆ ನೀವೇನು ಮಾಡಿದಿರಿ? ಉತ್ತರ ಸಿಗುವ ತನಕ ಕಲೆ ತೆಗೆಯುವ ದ್ರಾವಣದ ಒಂದು ಹನಿಯನ್ನೂ ಮುಟ್ಟುವುದಿಲ್ಲ.

ಈ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಚಿತ್ರದುರ್ಗದ ಕಡೆಯಿಂದ ದೇಶದ ರಾಜಧಾನಿಗೆ ಬಂದು ಲೋಧಿ ಕಾಲೋನಿಯ ಡ್ರೈಕ್ಲೀನ್ ಅಂಗಡಿ ಸೇರಿದ ಹೊಸದರಲ್ಲಿ, ಆಫೀಸರೊಬ್ಬರ ಹೆಂಡತಿ ಲೀಲಾ, ಮಗಳ ನಿಶ್ಚಿತಾರ್ಥದ ರೇಷ್ಮೆ ಸೀರೆ ತಂದಿದ್ದರು. ಸೆರಗಿನಲ್ಲಿ ಉಪ್ಪಿನಕಾಯಿ ಕಲೆ. "ಹೋಗುತ್ತೆ ಅಮ್ಮ, ನಾಳೆ ಬನ್ನಿ" ಎಂದುಬಿಟ್ಟ. ಆಕೆ ಮನೆಯಲ್ಲೇ ಬ್ಲೀಚ್ ಹಚ್ಚಿ ನೋಡಿದ್ದರು. ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬ್ರಷ್ ತಾಗಿದ್ದೇ ತಡ, ಕಲೆಯ ಜೊತೆಗೆ ರೇಷ್ಮೆಯೂ ಕಿತ್ತುಬಂತು. ಮರುದಿನ ಲೀಲಮ್ಮ ಕೂಗಾಡಲಿಲ್ಲ. ಸೀರೆಯ ತೂತಿಗೆ ಬೆರಳು ತೂರಿಸಿ, "ಹೋಗುತ್ತೆ ಅಂದಿರಲ್ಲಾ" ಎಂದರು, ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಈಗ ಅವನಿಗೆ ಅರವತ್ತೊಂದು. ಗುರುಗ್ರಾಮದ ಒಂದು ಲಾಂಡ್ರಿ ಪ್ಲಾಂಟಿನಲ್ಲಿ ಕಲೆ ತೆಗೆಯುವ ಮೇಜು ಅವನದು. ಮನೆಮನೆಗೆ ಹೋಗಿ ಬಟ್ಟೆ ತಂದು, ಒಗೆದು, ಮತ್ತೆ ಮನೆಗೆ ಮುಟ್ಟಿಸುವ ಈ ಸಂಸ್ಥೆಯನ್ನು ಕಟ್ಟಿದವಳು ಧಾರಿಣಿ. ಮೈಸೂರಿನ ಹುಡುಗಿ, ಐಟಿ ಕೆಲಸ ಬಿಟ್ಟು ಬಂದವಳು. ಮಾತು ಚುರುಕು, ಮನಸ್ಸು ಒಳ್ಳೆಯದು, ತಾಳ್ಮೆ ಮಾತ್ರ ಕಡಿಮೆ.

ಆ ಗುರುವಾರ ಬೆಳಿಗ್ಗೆ ಅವಳು ಒಂದು ಕಾಗದ ಹಿಡಿದು ಮೇಜಿನ ಹತ್ತಿರ ಬಂದಳು. ಎತ್ತರದ ಅಪಾರ್ಟ್‌ಮೆಂಟುಗಳ ಲಿಫ್ಟಿನ ಪರದೆಯಲ್ಲಿ ಸೋಮವಾರದಿಂದ ಮೂವತ್ತು ಸೆಕೆಂಡಿನ ಜಾಹೀರಾತು ಬರಬೇಕು. ಅದರಲ್ಲಿ ತಿಪ್ಪೇಸ್ವಾಮಿಯ ಮುಖ, ಹೆಸರು, ಮಾತು. ಜಾಹೀರಾತು ಹಿಂದಿಯಲ್ಲಿ. ಅದರ ಮೇಲಿನ ಜಗಳ ಮಾತ್ರ ಕನ್ನಡದಲ್ಲಿ.

"ಓದ್ತೀನಿ ಕೇಳಿ ಅಂಕಲ್. 'ಯಾವ ಕಲೆಯಾದರೂ ಮಾಯ. ಇಪ್ಪತ್ನಾಲ್ಕು ಗಂಟೆಯಲ್ಲಿ ನಿಮ್ಮ ಮನೆ ಬಾಗಿಲಿಗೆ. ಇದು ತಿಪ್ಪೇಸ್ವಾಮಿಯ ಮಾತು.' ಹೇಗಿದೆ?"

"ಮಾತು ಚೆನ್ನಾಗಿದೆಯಮ್ಮ. ನಂದಲ್ಲ."

"ಅಂದ್ರೆ?"

"ಒಗೆದು ಇಸ್ತ್ರಿ ಮಾಡೋ ಬಟ್ಟೆ ಒಂದು ದಿನಕ್ಕೆ ಆಗುತ್ತೆ, ಅದೂ ಇಲ್ಲಿಗೆ ಬಂದ ಮೇಲೆ. ಡ್ರೈಕ್ಲೀನ್‌ಗೆ ತಿಳಿ ಬಣ್ಣದ್ದು ಬೇರೆ, ಗಾಢ ಬಣ್ಣದ್ದು ಬೇರೆ ಹಾಕಬೇಕು. ಒಂದು ಮಷೀನಿಗಾಗೋಷ್ಟು ಬಟ್ಟೆ ಕೂಡೋಕೆ ಕೆಲವು ಸಲ ಎರಡು ದಿನ. ಇನ್ನು ಯಾವ ಕಲೆಯಾದರೂ ಅಂತೀರಿ. ಸೆಂಟು ಬಿದ್ದು ಬಣ್ಣವೇ ಹಾರಿಹೋಗಿದ್ರೆ? ಅದು ಕಲೆಯಲ್ಲ, ಅಲ್ಲಿ ತೆಗೆಯೋಕೆ ಏನೂ ಉಳಿದಿರಲ್ಲ."

"ಎಲ್ಲರೂ ಹೀಗೇ ಹೇಳೋದು ಅಂಕಲ್! ನಾವು 'ನೋಡೋಣ, ಮಾಡೋಣ' ಅಂತ ಜಾಹೀರಾತು ಕೊಟ್ರೆ ಯಾರು ಬಟ್ಟೆ ಕೊಡ್ತಾರೆ? ಹೊಸ ಬಟ್ಟೆ ಬರದಿದ್ರೆ ಪ್ಲಾಂಟ್ ಹೇಗೆ ನಡೆಸಲಿ?"

ಅದೂ ನಿಜವೇ. ಹನ್ನೊಂದು ಜನರ ಕೆಲಸ ಆ ಪ್ಲಾಂಟಿನ ಮೇಲಿತ್ತು. ತಿಪ್ಪೇಸ್ವಾಮಿಗೆ ಮಾತ್ರ ಲಿಫ್ಟ್ ಹತ್ತುವ ಸಾವಿರಾರು ಜನರ ಮುಂದೆ ತನ್ನ ಮುಖವೇ ನಿಂತು "ಹೋಗುತ್ತೆ, ನಾಳೆ ಬನ್ನಿ" ಎನ್ನುವ ಹಾಗೆ ಕಂಡಿತು. ಕೊನೆಗೆ ಹೇಳಿದ: "ಒಂದು ಕೆಲಸ ಮಾಡಿ. ಕ್ಯಾಮೆರಾ ಎದುರಿಗೇ ಒಂದು ಕಲೆ ಕೊಡಿ. ಅದು ಹೋದರೆ ನಿಮ್ಮ ಮಾತು ಹೇಳ್ತೀನಿ. ಹೋಗದಿದ್ರೆ ಹೇಳಲ್ಲ."

"ಚಲೋ, ಪಕ್ಕಾ!" ಎಂದು ಧಾರಿಣಿ ಕೈ ಚಾಚಿದಳು. ಗೆಲ್ಲುವುದು ತಾನೇ ಎಂಬ ಧೈರ್ಯ ಅವಳಿಗೆ. ಕಲೆ ಆರಿಸುವವಳು ಅವಳೇ ಅಲ್ಲವೇ?

ಶುಕ್ರವಾರ ಕ್ಯಾಮೆರಾ ತಂದವನು ರಜತ್. ಅಪ್ಪ ಅಮ್ಮ ಹುಬ್ಬಳ್ಳಿಯವರು, ಇವನು ರಾಜಧಾನಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದವನು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಅರ್ಧ ಬರುತ್ತದೆ. "ಅಂಕಲ್ ಜೀ, ನೀವು ಕೆಲಸ ಮಾಡಿ, ಬಾಕಿ ಮೈ ದೇಖ್ ಲೂಂಗಾ, ನಾನು ನೋಡ್ಕೋತೀನಿ. ಮೇಡಂ ಕಟ್ ಹೇಳೋ ತನಕ ನಾನು ನಿಲ್ಸಲ್ಲ" ಎಂದ.

ಧಾರಿಣಿ ಕೆನೆ ಬಣ್ಣದ ರೇಷ್ಮೆ ಜುಬ್ಬಾವೊಂದನ್ನು ಹ್ಯಾಂಗರಿನಲ್ಲಿ ತಂದಳು. ಗಂಡ ಅನೀಶನದು. ಎದೆಯ ಮೇಲೆ ಅಂಗೈಯಗಲ ಕಂದು ಕಲೆ. ಜುಬ್ಬಾ ಒಂದೂ ಮಡಿಕೆಯಿಲ್ಲದೆ ಹೊಸದರ ಹಾಗೆ ನಿಂತಿತ್ತು. ತಿಪ್ಪೇಸ್ವಾಮಿ ತಿರುಗಿಸಿ ಒಳಮೈ ನೋಡಿದ, ಮೂಸಿದ. ಕ್ಯಾಮೆರಾ ಇದೆಯೆಂದು ಮರೆತು ಎಂದಿನಂತೆ ಕೇಳಿದ.

"ಏನು ಬಿತ್ತು?"

"ಹಾಲು ಹಾಕಿದ ಚಹಾ. ನಾನೇ ಚೆಲ್ಲಿದೆ."

"ಯಾವಾಗ?"

"ನಿನ್ನೆ ಸಂಜೆ."

"ಆಮೇಲೆ ಏನು ಮಾಡಿದಿರಿ?"

"ಏನೂ ಇಲ್ಲ ಅಂಕಲ್, ನೀರು ಕೂಡ ಮುಟ್ಟಿಸಿಲ್ಲ. ಮುದುರಿಕೊಂಡಿತ್ತು, ಕ್ಯಾಮೆರಾಗೆ ಚೆನ್ನಾಗಿ ಕಾಣಲಿ ಅಂತ ಬೆಳಿಗ್ಗೆ ಇಸ್ತ್ರಿ ಹಾಕಿದೆ, ಅಷ್ಟೇ."

ತಿಪ್ಪೇಸ್ವಾಮಿ ಜುಬ್ಬಾ ಕೆಳಗಿಟ್ಟ. "ಕಲೆಯ ಮೇಲೂ?"

"ಮೇಲೂ..." ಎಂದವಳೇ ಧಾರಿಣಿ ನಾಲಿಗೆ ಕಚ್ಚಿಕೊಂಡಳು.

"ಬಟ್ಟೆ ಒಗೆಯೋ ಕಂಪನಿ ಯಜಮಾನಿ ನೀವು" ಎಂದ ತಿಪ್ಪೇಸ್ವಾಮಿ, ಕೋಪವಿಲ್ಲದೆ. "ಹಸಿ ಕಲೆ ತಂದಿದ್ದರೆ ಗೆದ್ದುಬಿಡ್ತಿದ್ದಿರಿ. ಬಿಸಿ ತಾಗಿದ ಮೇಲೆ ಹಾಲು ನೂಲಿಗೆ ಅಂಟಿ ಕೂತುಬಿಡುತ್ತಮ್ಮ."

ಆದರೂ ಪ್ರಯತ್ನ ಬಿಡಲಿಲ್ಲ. ಒಳಗಿನ ಹೊಲಿಗೆ ಅಂಚಿನಲ್ಲಿ ದ್ರಾವಣದ ಹನಿ ಹಾಕಿ, ಬಿಳಿ ಬಟ್ಟೆ ಒತ್ತಿ, ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡ. ಆಮೇಲೆ ಕಲೆಯ ಮೇಲೆ ತಣ್ಣಗಿನ ಹನಿ. ಉಜ್ಜಲಿಲ್ಲ, ಒತ್ತಿ ಒತ್ತಿ ಎತ್ತಿದ. ಅರ್ಧ ಗಂಟೆ ಹೋಯಿತು. ಕಂದು ಹಳದಿಯಾಯಿತು, ಹಳದಿ ತೆಳುವಾಯಿತು, ಅಲ್ಲಿಗೆ ನಿಂತಿತು. ಇನ್ನು ಬ್ರಷ್ ಒತ್ತಿದರೆ ರೇಷ್ಮೆ ಸವೆಯುತ್ತದೆ. ಕೈ ತೆಗೆದ.

"ಇಷ್ಟೇ. ಇನ್ನು ಮುಂದೆ ಹೋದರೆ ಬಟ್ಟೆಗೇ ಕೆಡುಕು. ಈಗಲೇ ಹೇಳ್ತಿದ್ದೀನಿ, ಇದು ಪೂರ್ತಿ ಹೋಗಲ್ಲ."

ಧಾರಿಣಿಯ ಮುಖ ಇಳಿದುಹೋಯಿತು. ಸ್ಟೂಲಿನ ಮೇಲೆ ಕುಳಿತು, "ಸೋಮವಾರಕ್ಕೆ ಏನು ಕೊಡಲಿ?" ಎಂದಳು. ರಜತ್ ತಲೆಯೆತ್ತಿದ. "ಮೇಡಂ, ನೀವು ಕಟ್ ಹೇಳಲೇ ಇಲ್ಲ. ಪೂರಾ ರೆಕಾರ್ಡ್ ಆಗಿದೆ. ಒಂದು ಸಲ ನೋಡಿ ತೋ ಸಹೀ."

ಮೂವರೂ ಪುಟ್ಟ ಪರದೆಗೆ ಬಗ್ಗಿದರು. ಮೂರು ಪ್ರಶ್ನೆ. ಧಾರಿಣಿ ನಾಲಿಗೆ ಕಚ್ಚಿಕೊಂಡದ್ದು. ಅವಳಿಗೇ ನಗು ಬಂತು. ಎರಡನೇ ಸಲ ನೋಡುವಾಗ ನಗಲಿಲ್ಲ. ಜಾಹೀರಾತಿನ ಕಾಗದ ತಿರುವಿ ಹಿಂಭಾಗದಲ್ಲಿ ಹೊಸ ಮಾತು ಬರೆಯತೊಡಗಿದಳು. ನಡುನಡುವೆ, "ಡ್ರೈಕ್ಲೀನ್‌ಗೆ ಮೂರು ದಿನ ಅನ್ನಲಾ?" ಎಂದು ಕೇಳಿದಳು.

"ಅನ್ನಿ. ಕಲೆಯಿದ್ರೆ ಇನ್ನೊಂದು ದಿನ ಸೇರಿಸಿ. ಲೆಕ್ಕ ಬಟ್ಟೆ ಪ್ಲಾಂಟಿಗೆ ಬಂದಾಗಿನಿಂದ ಅಂತಲೂ ಹಾಕಿ."

"ಜನ ಓಡಿಹೋಗ್ತಾರೆ ಅಂಕಲ್."

"ಓಡಿದವರು ಓಡಲಿ. ಉಳಿದವರು ನಾಲ್ಕನೇ ದಿನ ಬೈಯಲ್ಲ."

ಜಾಹೀರಾತಿನ ಮಾತು ಕೊನೆಗೆ ಹೀಗಾಯಿತು: 'ಕಲೆ ಬಿದ್ದರೆ ಉಜ್ಜಬೇಡಿ, ಇಸ್ತ್ರಿ ಹಾಕಬೇಡಿ. ಏನು ಬಿತ್ತು, ಯಾವಾಗ, ಆಮೇಲೆ ಏನು ಮಾಡಿದಿರಿ, ಒಂದು ಚೀಟಿ ಬರೆದಿಡಿ. ಒಗೆದು ಇಸ್ತ್ರಿ ಮಾಡುವುದು ಒಂದು ದಿನ, ಡ್ರೈಕ್ಲೀನ್ ಮೂರು, ಕಲೆಗೆ ಇನ್ನೊಂದು, ಬಟ್ಟೆ ಪ್ಲಾಂಟಿಗೆ ಬಂದಾಗಿನಿಂದ. ಹೋಗದ ಕಲೆಯನ್ನು ಹೋಗುವುದಿಲ್ಲ ಎಂದೇ ಹೇಳುತ್ತೇವೆ.' ಈ ಮಾತನ್ನು ತಿಪ್ಪೇಸ್ವಾಮಿ ಒಂದೇ ಸಲಕ್ಕೆ, ತಡವರಿಸದೆ ಹೇಳಿದ.

ಮೊದಲ ವಾರ ಬಟ್ಟೆ ಬಂದದ್ದು ಅಷ್ಟಕ್ಕಷ್ಟೇ. ಧಾರಿಣಿ ದಿನಕ್ಕೆ ಹತ್ತು ಸಲ ಫೋನ್ ನೋಡಿದಳು. ಎರಡನೇ ವಾರದ ಬುಧವಾರ, ಚೀಲವೊಂದರಿಂದ ತೆಗೆದ ಚೂಡಿದಾರಕ್ಕೆ ಚೀಟಿ ಪಿನ್ನು ಮಾಡಿತ್ತು. ಹಿಂದಿಯಲ್ಲಿ ಬರೆದಿದ್ದರು: 'ದಾಲ್. ಮೊನ್ನೆ ಮಧ್ಯಾಹ್ನ. ನಾನು ಏನೂ ಮಾಡಿಲ್ಲ, ನಮ್ಮೆಜಮಾನ್ರು ನಿಂಬೆಹಣ್ಣು ಉಜ್ಜಿದ್ದಾರೆ, ಬೇಡ ಅಂದ್ರೂ ಕೇಳಲಿಲ್ಲ.'

ತಿಪ್ಪೇಸ್ವಾಮಿ ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ಚೂಡಿದಾರ ತಿರುಗಿಸಿ, ಒಳಮೈ ನೋಡತೊಡಗಿದ.